ಟಿಕೆಟ್ ಕೈ ಬದಲಿಸುವ ಹೊತ್ತು

ಕಚೇರಿಯ ಕಂಪ್ಯೂಟರ್ ಕೈಕೊಟ್ಟಾಗ ನಾವು ಕೊಡುವ ದೂರಿಗೊಂದು ನಂಬರು ಬೀಳುತ್ತದೆ. ಸಪೋರ್ಟ್ ವಿಭಾಗದವರು ಅದನ್ನೇ ಟಿಕೆಟ್ ಅನ್ನುವುದು. ಫೋನ್ ಎತ್ತಿ ಪಾಸ್‌ವರ್ಡ್ ಬದಲಿಸಿಕೊಡುವಂಥ ಮೊದಲ ಸಾಲಿನವರು ಎಲ್1. ಅವರ ಕೈಲಾಗದ್ದು ಎಲ್2ಗೆ ಹೋಗುತ್ತದೆ, ಅಲ್ಲೂ ಬಗೆಹರಿಯದ್ದು ಎಲ್3ಗೆ. ನೆಟ್‌ವರ್ಕ್, ಡೇಟಾಬೇಸ್ ಹೀಗೆ ಒಂದೊಂದನ್ನೇ ಆಳವಾಗಿ ಬಲ್ಲವರು ಅಲ್ಲಿರುತ್ತಾರೆ. ಹೀಗೆ ಮೇಲಕ್ಕೆ ದಾಟಿಸುವುದೇ ಎಸ್ಕಲೇಟ್ ಮಾಡುವುದು.

ಯಾವಾಗ ದಾಟಿಸಬೇಕು? ಬಹಳಷ್ಟು ಕಡೆ ಇದಕ್ಕೆ ಗಡಿಯಾರದ ಉತ್ತರ ಇರುತ್ತದೆ: ಎರಡು ಗಂಟೆ ನೋಡು, ಆಗದಿದ್ದರೆ ಮೇಲಕ್ಕೆ ಕಳಿಸು. ನಿಯಮವೇನೋ ಸರಳ. ಆದರೆ ಎರಡು ಗಂಟೆ ಸುಮ್ಮನೆ ತಡಕಾಡಿದವರಿಗೂ, ಎರಡು ಗಂಟೆಯಲ್ಲಿ ಮುಕ್ಕಾಲು ದಾರಿ ಸವೆಸಿದವರಿಗೂ ಅದು ಒಂದೇ ಮಾತು ಹೇಳುತ್ತದೆ. ಸರಿಯಾದ ಹೊತ್ತು ಯಾವುದೆಂದು ತಿಳಿಯಲು ಒಂದು ಟಿಕೆಟ್ಟಿನ ಒಳಹೊಕ್ಕು ನೋಡಬೇಕು. ಇಂಥದ್ದೊಂದನ್ನು ಊಹಿಸಿಕೊಳ್ಳಿ, ನೆಟ್‌ವರ್ಕ್ ಬಲ್ಲವರಿಗೆ ಈ ರೋಗ ಹಳೆಯ ಪರಿಚಯ.

ಒಂದು ವ್ಯಾಪಾರಿ ಸಂಸ್ಥೆ. ಸರ್ವರ್ ಬೆಂಗಳೂರಿನ ಮುಖ್ಯ ಕಚೇರಿಯಲ್ಲಿದೆ, ಶಾಖೆಗಳು ಹುಬ್ಬಳ್ಳಿ, ಮಂಗಳೂರಿನಲ್ಲಿವೆ. ಶಾಖೆಗಳಿಂದ ಸರ್ವರ್‌ಗೆ ಇಂಟರ್ನೆಟ್ ಮೇಲೆಯೇ ಬೀಗ ಹಾಕಿದ ಖಾಸಗಿ ದಾರಿ, ಅಂದರೆ ವಿಪಿಎನ್ ಇದೆ. ತಿಂಗಳ 10ನೇ ತಾರೀಕು ಬೆಳಗ್ಗೆ ಹುಬ್ಬಳ್ಳಿಯ ಲೆಕ್ಕಿಗರು ಫೋನ್ ಮಾಡುತ್ತಾರೆ: "ಮೇಡಂ, ಲಾಗಿನ್ ಆಗತೈತ್ರಿ. ಬಿಲ್ ಸ್ಕ್ಯಾನ್ ಮಾಡಿ ಹಾಕಿದ್ರ ಮಾತ್ರ ಚಕ್ರ ತಿರಗಕೋಂತ ಹಂಗ ನಿಂದರತೈತಿ."

ಟಿಕೆಟ್ ಒಬ್ಬ ಎಲ್2 ಇಂಜಿನಿಯರ್ ಹೆಸರಿಗೆ ಬರುತ್ತದೆ. ಒಬ್ಬರ ದೂರು, ಕೆಲಸ ಪೂರ್ತಿ ನಿಂತಿಲ್ಲ. ಹಾಗಾಗಿ ಆದ್ಯತೆ ಪಿ3, ಅಂದರೆ ಮೂರು ದಿನದ ಗಡುವು. ಆಕೆ ಬ್ರೌಸರ್‌ನ ಕ್ಯಾಷೆ ಅಳಿಸುತ್ತಾಳೆ, ಬೇರೆ ಬ್ರೌಸರ್ ಹಾಕಿಸುತ್ತಾಳೆ, ಆ್ಯಂಟಿವೈರಸ್ ನಿಲ್ಲಿಸಿ ನೋಡುತ್ತಾಳೆ. ಸರ್ವರ್‌ಗೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಹಾಗಾದರೆ ನೆಟ್‌ವರ್ಕ್ ಚೆನ್ನಾಗಿದೆ ಎಂದು ಬರೆದುಕೊಳ್ಳುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಗಡಿಯಾರದ ನಿಯಮದ ಪ್ರಕಾರ ಟಿಕೆಟ್ ದಾಟಿಸಬೇಕು.

ಈಗ ದಾಟಿಸಿದರೆ ಅದು ಸಂಜೆಯೊಳಗೆ ತಿರುಗಿ ಬರುತ್ತದೆ. "ಎಲ್ಲ ಪ್ರಯತ್ನಿಸಿದೆ, ಆಗಲಿಲ್ಲ, ದಯವಿಟ್ಟು ನೋಡಿ" ಎಂಬ ಟಿಪ್ಪಣಿ ನೋಡಿದ ಎಲ್3ಯವರು ಮೊದಲು ಕೇಳುವುದೇ, ಒಂದೇ ಲ್ಯಾಪ್‌ಟಾಪೋ ಇಡೀ ಶಾಖೆಯೋ ಎಂದು. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ದಾರಿ ಎಲ್2 ಕೈಯಲ್ಲೇ ಇತ್ತು: ಶಾಖೆಗೆ ಇನ್ನೊಂದು ಫೋನ್. ಎಷ್ಟೋ ಟಿಕೆಟ್‌ಗಳು ಎರಡು ತಂಡಗಳ ನಡುವೆ ಹೀಗೆ ಅಲೆದೇ ಹಳತಾಗುತ್ತವೆ.

ಹಾಗಾಗಿ ಗಡಿಯಾರ ನೋಡುವ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಮುಂದೆ ನಾನು ಮಾಡಲಿರುವ ಪರೀಕ್ಷೆ ಯಾವುದು, ಅದರ ಫಲ ಹೀಗೆ ಬಂದರೆ ಏನು ಮಾಡುತ್ತೇನೆ, ಹಾಗೆ ಬಂದರೆ ಏನು ಮಾಡುತ್ತೇನೆ? ಎರಡಕ್ಕೂ ಬೇರೆ ಬೇರೆ ಉತ್ತರವಿದ್ದರೆ ಕೆಲಸ ಮುಂದುವರಿಯಲಿ. ಫಲ ಏನೇ ಬಂದರೂ ಮುಂದಿನ ಹೆಜ್ಜೆ ಒಂದೇ ಎಂದಾದರೆ ಅದು ಪರೀಕ್ಷೆಯಲ್ಲ, ಹೊತ್ತು ಕಳೆಯುವುದು. ಮೂರನೆಯ ಬ್ರೌಸರ್ ಹಾಕಿಸಿ ನೋಡುವುದು ಈ ಜಾತಿಗೆ ಸೇರಿದ್ದು. ಪರೀಕ್ಷೆ ಗೊತ್ತಿದೆ, ಆದರೆ ಅದನ್ನು ಮಾಡುವ ಅಧಿಕಾರ ನನ್ನ ಲಾಗಿನ್‌ಗೆ ಇಲ್ಲ ಎಂದಾದರೆ, ಎಸ್ಕಲೇಟ್ ಮಾಡುವ ಹೊತ್ತು ಬಂದಿದೆ.

ನಮ್ಮ ಇಂಜಿನಿಯರ್ ಶಾಖೆಗೆ ಫೋನ್ ಮಾಡುತ್ತಾಳೆ. ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಅದೇ ಗೋಳು, ಮಂಗಳೂರಿನಲ್ಲಿ ಯಾರಿಗೂ ಇಲ್ಲ. ಒಂದೇ ಏಟಿಗೆ ಲ್ಯಾಪ್‌ಟಾಪ್, ಬ್ರೌಸರ್, ಸರ್ವರ್ ಮೂರೂ ಸಂಶಯದಿಂದ ಪಾರು. ಉಳಿದದ್ದು ನಡುವಿನ ದಾರಿ. ಹಾಗಿದ್ದರೆ ಪಿಂಗ್ ಹೇಗೆ ಹೋಯಿತು? ವಿಂಡೋಸ್ ಪಿಂಗ್ ಕಳಿಸುವುದು ಬರೀ 32 ಬೈಟ್‌ನ ಪೊಟ್ಟಣ. ಲಾಗಿನ್ ಪುಟ ಕೇಳುವ ಪೊಟ್ಟಣಗಳೂ ಸಣ್ಣವೇ. ಸ್ಕ್ಯಾನ್ ಮಾಡಿದ ಬಿಲ್ ಹೊರಟಾಗಲೇ ತುಂಬಿದ ಪೊಟ್ಟಣಗಳು ದಾರಿಗಿಳಿಯುವುದು. ಹಾಗಾದರೆ ದೊಡ್ಡದನ್ನೇ ಕಳಿಸಿ ನೋಡಬೇಕು, ದಾರಿಯಲ್ಲಿ ಯಾರೂ ಅದನ್ನು ಒಡೆಯಬಾರದೆಂಬ ಗುರುತು ಹಾಕಿ:

```
ping -f -l 1410 10.20.0.15
```

ಮಂಗಳೂರಿನಿಂದ 1410 ಹೋಗುತ್ತದೆ. 1411 ಎಂದರೆ ತಕ್ಷಣ ಉತ್ತರ ಬರುತ್ತದೆ:

```
Packet needs to be fragmented but DF set.
```

ಪೊಟ್ಟಣ ದೊಡ್ಡದಾಯಿತು, ಒಡೆಯದೆ ಬಿಡಲಾರೆ ಎಂದು ದಾರಿಯಲ್ಲಿರುವ ಪೆಟ್ಟಿಗೆ ಹೇಳುತ್ತಿದೆ. ಹಾಗೆ ಹೇಳಿದರೆ ಕಂಪ್ಯೂಟರ್ ತಾನೇ ಚಿಕ್ಕದು ಮಾಡಿ ಕಳಿಸುತ್ತದೆ, ಬಳಸುವವರಿಗೆ ಗೊತ್ತೂ ಆಗುವುದಿಲ್ಲ. ಹುಬ್ಬಳ್ಳಿಯಿಂದ 1410 ಕಳಿಸಿದರೆ ಬರುವುದು ಬೇರೆ:

```
Request timed out.
```

ಯಾರೋ ಪೊಟ್ಟಣವನ್ನು ಎಸೆದರು, ಎಸೆದೆ ಎಂದು ಹೇಳಲೂ ಇಲ್ಲ. ಕಳಿಸಿದ ಕಂಪ್ಯೂಟರ್ ಅದೇ ಗಾತ್ರದ್ದನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಲೆಕ್ಕಿಗರು ಕಂಡ ತಿರುಗುವ ಚಕ್ರ ಇದೇ. ಹೆಚ್ಚುಕಡಿಮೆ ಮಾಡುತ್ತಾ ಹೋದರೆ 1394 ದಾಟುತ್ತದೆ, 1395 ದಾಟುವುದಿಲ್ಲ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದೇ ಪ್ರಶ್ನೆ ಬಾಕಿ: ಇತ್ತೀಚೆಗೆ ಅಲ್ಲಿ ಏನು ಬದಲಾಯಿತು? ಇದನ್ನು ಬೆಳಗ್ಗೆಯೇ ಕೇಳಬೇಕಿತ್ತು. ಹಿಂದಿನ ವಾರ ಶಾಖೆಯ ಹಳೆಯ ಲೈನ್ ತೆಗೆದು ಬ್ರಾಡ್‌ಬ್ಯಾಂಡ್ ಹಾಕಿಸಿದ್ದಾರೆ. ಇಂಥ ಬ್ರಾಡ್‌ಬ್ಯಾಂಡ್‌ನಲ್ಲಿ ಪಿಪಿಪಿಒಇ ಎಂಬ ಪದ್ಧತಿ ಬಳಕೆಯಲ್ಲಿರುವುದುಂಟು. ಅದು ಪ್ರತಿ ಪೊಟ್ಟಣದಲ್ಲೂ 8 ಬೈಟ್ ಜಾಗ ತನಗೆ ತೆಗೆದುಕೊಳ್ಳುತ್ತದೆ. 1500 ಇದ್ದ ಮಿತಿ 1492ಕ್ಕೆ ಇಳಿಯುತ್ತದೆ. ವಿಪಿಎನ್ ಪೆಟ್ಟಿಗೆ ಮಾತ್ರ ಇನ್ನೂ 1500 ಎಂದೇ ನಂಬಿಕೊಂಡು ಪೊಟ್ಟಣ ಕಟ್ಟುತ್ತಿದೆ.

ಇಲ್ಲಿಗೆ ರೋಗ ಗೊತ್ತಾಯಿತು. ಮದ್ದು ಇರುವುದು ಫೈರ್‌ವಾಲ್‌ನಲ್ಲಿ, ಆಕೆಗೆ ಅದನ್ನು ನೋಡುವ ಅನುಮತಿಯಷ್ಟೇ ಇದೆ, ಬದಲಿಸುವ ಅನುಮತಿ ಇಲ್ಲ. ಇದೇ ಆ ಹೊತ್ತು.

ವಿಚಿತ್ರವೆಂದರೆ, ಒಳ್ಳೆಯ ಇಂಜಿನಿಯರ್‌ಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಕೈಲಾಗದವರು ಬೇಗ ದಾಟಿಸುತ್ತಾರೆ. ಬಲ್ಲವರಿಗೆ ಅಡ್ಡದಾರಿಗಳೂ ಗೊತ್ತಿರುತ್ತವಲ್ಲ! ಲ್ಯಾಪ್‌ಟಾಪ್‌ನಲ್ಲೇ ಪೊಟ್ಟಣದ ಗಾತ್ರ ತಗ್ಗಿಸಿಬಿಡುವ ಆಜ್ಞೆಯೊಂದಿದೆ:

```
netsh interface ipv4 set subinterface "Ethernet" mtu=1400 store=active
```

ಒಂದು ಲ್ಯಾಪ್‌ಟಾಪ್‌ನಲ್ಲಿ ಇದನ್ನು ಹಾಕಿ ಬಿಲ್ ಅಪ್‌ಲೋಡ್ ಆಗುತ್ತದೆಯೇ ನೋಡುವುದು ಸರಿಯಾದ ಪರೀಕ್ಷೆ. ಆದರೆ ಶಾಖೆಯ ಎಲ್ಲ ಯಂತ್ರಗಳಿಗೂ ಇದನ್ನೇ ಶಾಶ್ವತವಾಗಿ ಹಾಕಿ ಟಿಕೆಟ್ ಮುಚ್ಚಿದರೆ? ಬರುವ ತಿಂಗಳು ಹೊಸ ಲ್ಯಾಪ್‌ಟಾಪ್ ಬಂದಾಗ, ಪ್ರಿಂಟರ್ ಕಳಿಸಿದ ಸ್ಕ್ಯಾನ್ ನಿಂತಾಗ, ಅದೇ ದೂರು ಹೊಸ ನಂಬರಿನಲ್ಲಿ ಹುಟ್ಟುತ್ತದೆ. ಈ ಹಳೆಯ ತೇಪೆ ಯಾರಿಗೂ ನೆನಪಿರುವುದಿಲ್ಲ. ತನ್ನ ಅಧಿಕಾರದೊಳಗೆ ಸಿಗುವ ತೇಪೆಗಳನ್ನೇ ಹುಡುಕತೊಡಗಿದ್ದೇವೆ ಎನ್ನುವುದು ಟಿಕೆಟ್ ಬಿಡಬೇಕಾದ ಹೊತ್ತು ಮೀರಿದೆ ಎಂಬುದಕ್ಕೆ ಖಚಿತ ಕುರುಹು.

ಇನ್ನು ಗಡಿಯಾರ. ಟಿಕೆಟ್ ಪಿ3, ಇನ್ನೂ ಎರಡು ದಿನ ಇದೆ ಎನ್ನುತ್ತದೆ ಪರದೆ. ಆದರೆ ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ 11. ಬಿಲ್‌ಗಳು ಸರ್ವರ್ ಸೇರದಿದ್ದರೆ ಲೆಕ್ಕಿಗರಿಗೆ ನಾಳೆಯೇ ಕುತ್ತು. ಇಡೀ ಶಾಖೆಗೆ ತೊಂದರೆ ಎಂದು ತಿಳಿದ ಕೂಡಲೇ ಆದ್ಯತೆಯನ್ನು ಪಿ2ಗೆ ಏರಿಸುವುದು ಪ್ರತ್ಯೇಕ ಕೆಲಸ, ಕಾರಣ ಸಿಗುವವರೆಗೆ ಅದಕ್ಕಾಗಿ ಕಾಯಬೇಕಿಲ್ಲ. ಲೆಕ್ಕ ಹಾಕುವಾಗ ಇನ್ನೊಂದನ್ನೂ ಸೇರಿಸಬೇಕು: ಮೇಲಿನವರಿಗೂ ಕೆಲಸ ಮಾಡಲು ಹೊತ್ತು ಬೇಕು. ಫೈರ್‌ವಾಲ್ ಬದಲಾವಣೆಗೆ ಒಪ್ಪಿಗೆ ಪಡೆಯಬೇಕು, ಕಚೇರಿ ಮುಗಿದ ಮೇಲೆ ಹಾಕಬೇಕು. ಇಂದು ರಾತ್ರಿ ಅದು ಆಗಬೇಕಾದರೆ ಮಧ್ಯಾಹ್ನ ಮೂರಕ್ಕೆ ಟಿಕೆಟ್ ಅವರ ಮೇಜಿನ ಮೇಲಿರಬೇಕು. ಗಡುವಿಗೆ ಹದಿನೈದು ನಿಮಿಷ ಇದ್ದಾಗ ದಾಟಿಸುವವರು ಕಳಿಸುವುದು ಕೆಲಸವನ್ನಲ್ಲ, ತಪ್ಪಿದ ಗಡುವನ್ನು. ಎಲ್ಲ ಶಾಖೆಗಳೂ ಒಮ್ಮೆಗೇ ನಿಂತುಹೋದ ಪಿ1 ಆಗಿದ್ದರೆ ಈ ಯೋಚನೆಯೇ ಬೇಡ. ಮೊದಲ ಐದು ನಿಮಿಷದಲ್ಲೇ ಮೇಲಿನವರನ್ನು ಕರೆದು, ಜೊತೆಜೊತೆಗೇ ಹುಡುಕಬೇಕು.

ಕಳಿಸುವ ಟಿಪ್ಪಣಿ ಉದ್ದವಿರಬೇಕಿಲ್ಲ. ಈ ಟಿಕೆಟ್ಟಿಗೆ ಇಷ್ಟು ಸಾಕು:

"ಹುಬ್ಬಳ್ಳಿಯ ಎಲ್ಲ ಯಂತ್ರಗಳಲ್ಲಿ ಅಪ್‌ಲೋಡ್ ನಿಲ್ಲುತ್ತಿದೆ, ಮಂಗಳೂರಿನಲ್ಲಿ ಸರಿ ಇದೆ. ಕಳೆದ ವಾರ ಲೈನ್ ಬದಲಾಗಿದೆ. -f ಹಾಕಿದ ಪಿಂಗ್ 1394 ಹೋಗುತ್ತದೆ, 1395 ಟೈಮ್‌ಔಟ್. ಒಂದು ಲ್ಯಾಪ್‌ಟಾಪ್‌ನಲ್ಲಿ ಎಂಟಿಯು 1400 ಮಾಡಿದಾಗ ಅಪ್‌ಲೋಡ್ ಆಯಿತು. ಫೈರ್‌ವಾಲ್‌ನಲ್ಲಿ ಟಿಸಿಪಿ ಎಂಎಸ್‌ಎಸ್ ತಗ್ಗಿಸಬೇಕೆಂದು ನನ್ನ ಅಂದಾಜು, ನನಗೆ ಅನುಮತಿ ಇಲ್ಲ. ನಾಳೆ ಬೆಳಗ್ಗೆ ಹತ್ತರೊಳಗೆ ಬೇಕು, ಕಾರಣ ಜಿಎಸ್‌ಟಿ."

ಕಂಡದ್ದು ಮತ್ತು ಅಂದಾಜು ಇಲ್ಲಿ ಬೇರೆ ಬೇರೆಯಾಗಿ ನಿಂತಿವೆ. ಅಂದಾಜು ತಪ್ಪಾದರೂ ಕಂಡದ್ದು ಉಪಯೋಗಕ್ಕೆ ಬರುತ್ತದೆ. ಒಂದು ಗಂಟೆಯಾದರೂ ಅತ್ತ ಯಾರೂ ಟಿಕೆಟ್ ಎತ್ತಿಕೊಳ್ಳದಿದ್ದರೆ ಎರಡನೆಯ ಬಗೆಯ ಎಸ್ಕಲೇಷನ್ ಬೇಕು, ಅಂದರೆ ತಂಡದ ಮ್ಯಾನೇಜರ್‌ಗೆ ಫೋನ್. ಇದನ್ನು ಚಾಡಿ ಎಂದು ಭಾವಿಸಿ ಹಿಂಜರಿಯುವವರಿದ್ದಾರೆ. ಅಲ್ಲಿ ಕೇಳುತ್ತಿರುವುದು ತಾಂತ್ರಿಕ ಸಲಹೆಯನ್ನಲ್ಲ, ಒಬ್ಬ ಮನುಷ್ಯನನ್ನು; ಆ ಅಧಿಕಾರ ಇರುವುದು ಮ್ಯಾನೇಜರ್‌ಗೇ.

ರಾತ್ರಿ ನೆಟ್‌ವರ್ಕ್ ತಂಡದವರು ಎಂಎಸ್‌ಎಸ್ 1360ಕ್ಕೆ ಇಳಿಸುತ್ತಾರೆ. ಟಿಕೆಟ್ ಎಲ್3ಗೆ ಹೋದರೂ ಲೆಕ್ಕಿಗರ ಜೊತೆ ಮಾತಾಡಿ ಮುಚ್ಚುವುದು ಎಲ್2 ಕೆಲಸವೇ. ಬೆಳಗ್ಗೆ ಅಪ್‌ಲೋಡ್ ಮಾಡಿಸುವಾಗ ನಿನ್ನೆ ಎಂಟಿಯು ತಗ್ಗಿಸಿದ ಲ್ಯಾಪ್‌ಟಾಪ್‌ನಿಂದ ಮಾಡಿಸಬಾರದು, ರೀಸ್ಟಾರ್ಟ್ ಆಗದಿದ್ದರೆ ಅದು ಹೇಗೂ ಸರಿಯಾಗಿಯೇ ನಡೆಯುತ್ತದೆ. ಬೇರೆ ಯಂತ್ರದಿಂದ ನೋಡಬೇಕು. ಅಪ್‌ಲೋಡ್ ಆದಮೇಲೆ ಕುತೂಹಲಕ್ಕೆ ಮತ್ತೆ ಪಿಂಗ್ ಮಾಡಿದರೆ 1395 ಈಗಲೂ ಟೈಮ್‌ಔಟ್ ಆಗುತ್ತದೆ. ಎಂಎಸ್‌ಎಸ್ ಬದಲಾವಣೆ ಟಿಸಿಪಿಗೆ ಮಾತ್ರ ತಾಗುತ್ತದೆ, ಪಿಂಗ್ ಟಿಸಿಪಿ ಅಲ್ಲ. ಈ ಒಂದು ಸಾಲನ್ನು ಮುಚ್ಚುವ ಟಿಪ್ಪಣಿಯಲ್ಲಿ ಬರೆದಿಡದಿದ್ದರೆ, ಮುಂದಿನ ಪಾಳಿಯವರು ಆ ಟೈಮ್‌ಔಟ್ ನೋಡಿ ಟಿಕೆಟನ್ನು ಮತ್ತೆ ತೆರೆಯುತ್ತಾರೆ.