ದಿಂಬಿನಡಿಯ ಚೀಟಿ

ಅಮೆರಿಕದ ಪತ್ರಕರ್ತ ಮಾರ್ಕ್ ಫ್ರಾಯೆನ್‌ಫೆಲ್ಡರ್ 2016ರಲ್ಲಿ ಸುಮಾರು 3,000 ಡಾಲರ್ ಕೊಟ್ಟು 7.4 ಬಿಟ್‌ಕಾಯಿನ್ ಕೊಂಡರು. ಅದಕ್ಕಾಗಿ ತಂದ ಪುಟ್ಟ ಹಾರ್ಡ್‌ವೇರ್ ವಾಲೆಟ್ ತೋರಿಸಿದ 24 ಇಂಗ್ಲಿಷ್ ಪದಗಳನ್ನು ಕಿತ್ತಳೆ ಬಣ್ಣದ ಚೀಟಿಯಲ್ಲಿ ಬರೆದುಕೊಂಡರು. ಮರುವರ್ಷ ಪ್ರವಾಸ ಹೊರಟಾಗ ಚೀಟಿ ಮಗಳ ಕೋಣೆಯ ದಿಂಬಿನಡಿ ಇತ್ತು. ಮನೆ ಶುಚಿ ಮಾಡಲು ಬಂದವರು ಅದನ್ನು ಕಸದ ಜೊತೆ ಎಸೆದರು. ವಾಲೆಟ್ಟಿನ ಪಿನ್ ಕೂಡ ಅವರಿಗೆ ಮರೆತುಹೋಗಿತ್ತು. ಪ್ರತಿ ತಪ್ಪು ಯತ್ನಕ್ಕೂ ಕಾಯುವ ಹೊತ್ತು ಇಮ್ಮಡಿಯಾಗುತ್ತಿತ್ತು.

ಆ ಪದಗಳ ಸಾಲೇ ಸೀಡ್ ಫ್ರೇಸ್. ಬಿಟ್‌ಕಾಯಿನ್ ವಾಲೆಟ್ಟಿನೊಳಗೆ ಇರುವುದಿಲ್ಲ. ಲೆಕ್ಕ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ. ವಾಲೆಟ್ಟಿನಲ್ಲಿರುವುದು ಅದನ್ನು ಖರ್ಚು ಮಾಡುವ ಕೀಲಿ. ಆ ಕೀಲಿ ಹುಟ್ಟುವುದು 2,048 ಪದಗಳ ಒಂದು ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳಿಂದ. ವಾಲೆಟ್ ನೀರಿಗೆ ಬಿದ್ದರೂ ಚಿಂತೆಯಿಲ್ಲ, ಹೊಸದಕ್ಕೆ ಅದೇ ಪದಗಳನ್ನು ಅದೇ ಕ್ರಮದಲ್ಲಿ ಕೊಟ್ಟರೆ ಹಣ ಸಿಗುತ್ತದೆ. ಆದರೆ ಪದಗಳನ್ನು ನೋಡಿದ ಅಪರಿಚಿತನಿಗೂ ಹಾಗೆಯೇ ಸಿಗುತ್ತದೆ; ಅವನಿಗೆ ನಿಮ್ಮ ವಾಲೆಟ್ಟೂ ಬೇಡ, ಪಿನ್ನೂ ಬೇಡ.

ಹಾಗಾಗಿ ಚೀಟಿ ಕಳೆಯಲೂಬಾರದು, ಕಣ್ಣಿಗೆ ಬೀಳಲೂಬಾರದು. ಫೋಟೊ ತೆಗೆದರೆ ಅದು ತಾನಾಗಿ ಕ್ಲೌಡಿಗೆ ಹೋಗಬಹುದು. ವಾಟ್ಸ್ಆ್ಯಪ್, ಇಮೇಲ್ ಕೂಡ ಬೇಡ. ಕೈಯಲ್ಲೇ, ಕ್ರಮಸಂಖ್ಯೆ ಹಾಕಿ, ಬಿಡಿ ಅಕ್ಷರಗಳಲ್ಲಿ ಎರಡು ಪ್ರತಿ ಬರೆಯಿರಿ. ಒಂದು ಮನೆಯ ಲಾಕರಿನಲ್ಲಿರಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ, ಉದಾಹರಣೆಗೆ ಬ್ಯಾಂಕ್ ಲಾಕರಿನಲ್ಲಿರಲಿ. ಗೆದ್ದಲು, ಮಳೆ, ಬೆಂಕಿಯ ಭಯವಿದ್ದರೆ ಪದಗಳನ್ನು ಸ್ಟೀಲ್ ತಗಡಿನ ಮೇಲೆ ಕೊರೆಯಬಹುದು. ಅರ್ಧ ಪದ ಇಲ್ಲಿ, ಅರ್ಧ ಅಲ್ಲಿ ಎಂದು ಹರಿದಿಡುವುದು ಜಾಣತನವೆನಿಸಬಹುದು; ಆದರೆ ಆಗ ಎರಡರಲ್ಲಿ ಯಾವುದು ಕಳೆದರೂ ಹಣ ಕಳೆದಂತೆ. ಇಂಥದ್ದೊಂದು ಇಂಥಲ್ಲಿದೆ ಎಂದು ಮನೆಯ ಒಬ್ಬರಿಗಾದರೂ ತಿಳಿದಿರಲಿ.

ಬರೆದದ್ದು ಸರಿಯೇ ಎಂದು ಮೊದಲೇ ಪರೀಕ್ಷಿಸಬೇಕು. ಕೆಲವು ನೂರು ರೂಪಾಯಿ ಮಾತ್ರ ಹಾಕಿ, ವಾಲೆಟ್ಟನ್ನು ಪೂರ್ತಿ ಅಳಿಸಿ, ಚೀಟಿ ನೋಡಿ ಮರಳಿ ತೆರೆಯಿರಿ. ಅದೇ ಮೊತ್ತ ಕಾಣಿಸಿದರೆ ಚೀಟಿ ಸರಿಯಿದೆ ಎಂದರ್ಥ. ಪದಗಳನ್ನು ಮೊದಲೇ ಅಚ್ಚು ಹಾಕಿಕೊಟ್ಟ ಪೆಟ್ಟಿಗೆ ಬಂದರೆ ಬಳಸಬೇಡಿ. ಅಚ್ಚು ಹಾಕಿದವನ ಬಳಿ ಅದರ ನಕಲಿರುತ್ತದೆ. ಸಹಾಯವಾಣಿಯವರೆಂದು ಹೇಳಿ ಪದ ಕೇಳುವವರೂ ಕಳ್ಳರೇ.

ಫ್ರಾಯೆನ್‌ಫೆಲ್ಡರ್‌ ಅವರಿಗೆ ಕೊನೆಗೆ ಹಣ ಸಿಕ್ಕಿತು. ಅಷ್ಟರಲ್ಲಿ ಅದರ ಬೆಲೆ ಸುಮಾರು 30,000 ಡಾಲರ್ ಆಗಿತ್ತು. ವಾಲೆಟ್ಟಿನ ಹಳೆಯ ತಂತ್ರಾಂಶದಲ್ಲೊಂದು ಬಿರುಕಿದೆ ಎಂದು ಬ್ರಿಟನ್ನಿನ 15ರ ಹುಡುಗನೊಬ್ಬ ತೋರಿಸಿಕೊಟ್ಟ. ತಂತ್ರಾಂಶವನ್ನು ಅವರು ಹೊಸದಾಗಿಸಿರಲಿಲ್ಲ, ಆ ಸೋಮಾರಿತನವೇ ಅವರನ್ನು ಉಳಿಸಿತು. ಆ ಬಿರುಕನ್ನು ಕಂಪನಿ ಮುಚ್ಚಿದೆ.