ಹನ್ನೆರಡು ಪೋಸ್ಟರ್, ಒಂದು ಮುಖ: ಮಚ್ಚೆ ಯಾಕೆ ಜಾಗ ಬದಲಿಸಿತು?

ಇಂಜಿನಿಯರಿಂಗ್‌ನಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಈಗ ತುಮಕೂರು ಜಿಲ್ಲೆಯ ತನ್ನೂರಲ್ಲಿ ಗ್ರಾಮ ಪಂಚಾಯತಿ ಚುನಾವಣೆಗೆ ನಿಲ್ಲೋ ತಯಾರಿಯಲ್ಲಿದ್ದಾಳೆ. ಅವಳಿಗೆ ಹನ್ನೆರಡು ಪೋಸ್ಟರ್ ಬೇಕಿತ್ತು. ಕುಡಿಯುವ ನೀರು, ಶಾಲೆಯ ಶೌಚಾಲಯ, ನರೇಗಾ ಕೂಲಿ, ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು. ಎಲ್ಲದರಲ್ಲೂ ಅವಳ ಮುಖ ಇರಬೇಕು, ವಾಟ್ಸಾಪ್‌ನಲ್ಲಿ ಹೋಗಬೇಕು, ಖರ್ಚು ಮಾತ್ರ ಆಗಬಾರದು. 'ನೀನು ಎಐ ಗಿಯೈ ಅಂತ ಬರೀತಿರ್ತೀಯಲ್ಲ, ಮಾಡ್ಕೊಡೋ' ಅಂದಳು.

ನಾನು ಎರಡು ಷರತ್ತು ಹಾಕಿದೆ. ಚಿತ್ರಗಳು ಫೋಟೋ ಥರ ಅಲ್ಲ, ಬಣ್ಣದಲ್ಲಿ ಬರೆದ ಚಿತ್ರದ ಥರ ಇರಬೇಕು. ಅವಳು ಹೋಗದ ಜಾಗಕ್ಕೆ ಹೋಗಿದ್ದಳು ಅಂತ ಯಾರೂ ನಂಬಬಾರದು. ಇನ್ನೊಂದು, ಪ್ರತಿ ಪೋಸ್ಟರ್ ಮೇಲೂ 'ಎಐ ಚಿತ್ರ' ಅಂತ ಓದೋಕಾಗುವ ಅಕ್ಷರದಲ್ಲಿ ಬರೆಯಬೇಕು. 2025ರ ಜನವರಿಯಲ್ಲಿ ಭಾರತದ ಚುನಾವಣಾ ಆಯೋಗ ಪಕ್ಷಗಳಿಗೆ ಇಂಥದ್ದೇ ಸಲಹೆ ಕೊಟ್ಟಿತ್ತು. ಪಂಚಾಯತಿ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗವಾದರೂ, ನಮಗೆ ನಾವೇ ಹಾಕಿಕೊಂಡ ನಿಯಮ ಇದು. ಅವಳು ಒಪ್ಪಿದಳು. ಆಮೇಲಿನ ಮೂರು ವಾರ ಒಂದು ಮುಖವನ್ನು ಹನ್ನೆರಡು ಸಲ ಅದೇ ಮುಖವಾಗಿ ಉಳಿಸಿಕೊಳ್ಳೋದರಲ್ಲಿ ಕಳೆಯಿತು.

ಬರೀ ಮಾತಲ್ಲಿ ಕೇಳಿದರೆ ಕೆಲಸ ಆಗಲ್ಲ, ಅದು ಗೊತ್ತಿದ್ದದ್ದೇ. 'ಮೂವತ್ತೈದರ ಹೆಂಗಸು, ಕನ್ನಡಕ, ಕಾಟನ್ ಸೀರೆ' ಅಂತ ಹನ್ನೆರಡು ಸಲ ಹೇಳಿದರೆ ಹನ್ನೆರಡು ಹೆಂಗಸರು ಬರುತ್ತಾರೆ. ಆಮೇಲೆ ಅವಳದ್ದೇ ಒಂದು ಫೋಟೋ ಕೊಟ್ಟು ನೋಡಿದೆ. ಮುಖ ಹತ್ತಿರ ಬಂತು, ಆದರೆ ಅದರ ಜೊತೆ ಆ ದಿನವೂ ಬಂತು. ಫೋಟೋದಲ್ಲಿ ಅವಳು ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ನಕ್ಕಿದ್ದಳು, ಹನ್ನೆರಡು ಚಿತ್ರದಲ್ಲೂ ಹಾಗೇ ವಾಲಿಸಿ ನಕ್ಕಳು. ಬತ್ತಿದ ಬೋರ್‌ವೆಲ್ ಪಕ್ಕ ನಿಂತೂ ನಕ್ಕಳು! ಪಾಪ, ಒಂದೇ ಫೋಟೋ ನೋಡಿದ ಯಂತ್ರಕ್ಕೆ ಯಾವುದು ಅವಳದ್ದು, ಯಾವುದು ಆ ಮಧ್ಯಾಹ್ನದ್ದು ಅಂತ ಗೊತ್ತಾಗೋದಾದರೂ ಹೇಗೆ? ಹಲವು ಫೋಟೋ ಬೇಕಾಗೋದು ಇದಕ್ಕೇ.

ಒಳಗೆ ನಡೆಯೋದು ಇಷ್ಟು. ನಾನು ಮೊದಲು ಬಳಸಿದ್ದು ಐಪಿ-ಅಡಾಪ್ಟರ್ ಫೇಸ್‌ಐಡಿ ಅನ್ನೋ ವಿಧಾನ. ಇದರಲ್ಲಿ ಫೋಟೋ ನೇರವಾಗಿ ಚಿತ್ರ ಬರೆಯುವ ಮಾಡೆಲ್‌ಗೆ ಹೋಗಲ್ಲ. ಮೊದಲು ಇನ್‌ಸೈಟ್‌ಫೇಸ್ ಅನ್ನೋ ತಂತ್ರಾಂಶ ಫೋಟೋದಲ್ಲಿ ಮುಖ ಹುಡುಕಿ, ಕಣ್ಣು-ಮೂಗು-ಬಾಯಿಯ ಐದು ಬಿಂದು ಗುರುತಿಸಿ, ಮುಖವನ್ನು ನೆಟ್ಟಗೆ ಮಾಡಿ, 112×112 ಪಿಕ್ಸೆಲ್‌ನ ಚಿಕ್ಕ ಚೌಕವಾಗಿ ಕತ್ತರಿಸುತ್ತದೆ. ಆ ಚೌಕವನ್ನು 512 ಸಂಖ್ಯೆಗಳ ಪಟ್ಟಿಯಾಗಿ ಬದಲಿಸುತ್ತದೆ. ಒಬ್ಬರದೇ ಬೇರೆ ಬೇರೆ ಫೋಟೋಗಳ ಪಟ್ಟಿಗಳು ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ, ಬೇರೆಯವರದ್ದು ಬೇರೆ ದಿಕ್ಕಿಗೆ. ಬಾಗಿಲು ತೆಗೆಯೋಕೆ, ಗುಂಪಿನಲ್ಲಿ ಜನರನ್ನು ಹುಡುಕೋಕೆ ಬಳಸೋ ಮುಖ ಗುರುತಿಸುವಿಕೆಯ ತಂತ್ರ ಕೂಡ ಇದೇ ಜಾತಿಯದ್ದು. ಚಿತ್ರ ಬರೆಯುವ ಮಾಡೆಲ್‌ಗೆ ಸಿಗೋದು ಆ ಸಂಖ್ಯೆಗಳು ಮಾತ್ರ.

ಹಲವು ಫೋಟೋ ಇದ್ದರೆ ಆ ಪಟ್ಟಿಗಳ ಸರಾಸರಿ ತೆಗೆದು ಕೊಡಬಹುದು. ಪ್ರತಿ ಫೋಟೋದಲ್ಲೂ ಮುಖದ ಜೊತೆ ಸ್ವಲ್ಪ ಕಸ ಇರುತ್ತದೆ: ಒಂದರಲ್ಲಿ ನೆರಳು, ಒಂದರಲ್ಲಿ ನಗು, ಒಂದರಲ್ಲಿ ಅರ್ಧ ಮುಚ್ಚಿದ ಕಣ್ಣು. ಕಸ ಒಂದೊಂದರಲ್ಲಿ ಒಂದೊಂದು ಕಡೆ ಎಳೆದರೆ ಸರಾಸರಿಯಲ್ಲಿ ಅದು ಕರಗಿ, ಎಲ್ಲದರಲ್ಲೂ ಇರುವ ಮುಖ ಉಳಿಯುತ್ತದೆ. ಇಲ್ಲಿ 'ಒಂದೊಂದು ಕಡೆ' ಅನ್ನೋದೇ ಮುಖ್ಯ. ಒಂದೇ ಮದುವೆಯಲ್ಲಿ, ಒಂದೇ ಲೈಟ್ ಕೆಳಗೆ ತೆಗೆದ ಇಪ್ಪತ್ತು ಫೋಟೋ ಕೊಟ್ಟರೆ ಇಪ್ಪತ್ತೂ ಒಂದೇ ಕಡೆ ಎಳೆಯುತ್ತವೆ, ಕಸ ಇನ್ನೂ ಗಟ್ಟಿಯಾಗುತ್ತದೆ. ಬೇರೆ ಬೇರೆ ದಿನದ ಏಳು ಫೋಟೋ ಅದಕ್ಕಿಂತ ಎಷ್ಟೋ ವಾಸಿ.

ಅವಳು ನಲವತ್ತು ಕಳಿಸಿದಳು. ಅರ್ಧಕ್ಕರ್ಧ ಸೆಲ್ಫಿ. ಕೈಯಳತೆ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ, ಹಾಗಾಗಿ ಒಂದೆರಡು ಬಿಟ್ಟು ಉಳಿದವನ್ನು ಕೈಬಿಟ್ಟೆ. ಉಳಿದವನ್ನು ಕಣ್ಣಲ್ಲಿ ಆರಿಸೋ ಬದಲು ಪ್ರತಿ ಫೋಟೋ ಉಳಿದೆಲ್ಲದರ ಸರಾಸರಿಗೆ ಎಷ್ಟು ಹೊಂದುತ್ತೆ ಅಂತ ಅಳೆದೆ:

```python
from insightface.app import FaceAnalysis
import cv2, glob, numpy as np

app = FaceAnalysis(name="buffalo_l")
app.prepare(ctx_id=0, det_size=(640, 640))

files = sorted(glob.glob("refs/*.jpg"))
E = np.array([app.get(cv2.imread(f))[0].normed_embedding
              for f in files])

for i, f in enumerate(files):
    m = np.delete(E, i, 0).mean(0)
    print(f, round(float(E[i] @ m / np.linalg.norm(m)), 2))
```

ಬರುವ ಅಂಕಿ 1ಕ್ಕೆ ಹತ್ತಿರವಾದಷ್ಟೂ ಹೋಲಿಕೆ ಜಾಸ್ತಿ. ಅವಳ ಒಳ್ಳೆ ಫೋಟೋಗಳು 0.7ರಿಂದ 0.8ರೊಳಗೆ ಬಂದವು. ಒಂದು ಮಾತ್ರ 0.11. ತೆಗೆದು ನೋಡಿದರೆ ಅದೊಂದು ಗುಂಪು ಫೋಟೋ. ಮೇಲಿನ ಕೋಡ್‌ನ `[0]` ಮೊದಲು ಸಿಕ್ಕ ಮುಖವನ್ನು ಎತ್ತಿಕೊಳ್ಳುತ್ತೆ, ಸಿಕ್ಕಿದ್ದು ಪಕ್ಕದಲ್ಲಿದ್ದ ನಾದಿನಿಯ ಮುಖ. ಅಳೆಯದೇ ಬಿಟ್ಟಿದ್ದರೆ ನಮ್ಮ ಅಭ್ಯರ್ಥಿಯಲ್ಲಿ ಸ್ವಲ್ಪ ನಾದಿನಿ ಬೆರೆತುಬಿಡುತ್ತಿದ್ದಳು. ಇನ್ನೆರಡು 0.55ರ ಆಸುಪಾಸು ಬಂದವು, ಅವು ಬ್ಯೂಟಿ ಫಿಲ್ಟರ್ ಹಾಕಿದ ಫೋಟೋಗಳು. ಪಕ್ಕಕ್ಕೆ ತಿರುಗಿದ ಮುಖಕ್ಕೂ ಅಂಕಿ ಕಡಿಮೆ ಬರುತ್ತೆ, ಅದು ತಪ್ಪಲ್ಲ. ಹಾಗಾಗಿ ಕಡಿಮೆ ಬಂತು ಅಂತ ಕಿತ್ತು ಹಾಕೋ ಮೊದಲು ಫೋಟೋ ತೆರೆದು ನೋಡಬೇಕು.

ಏಳು ಫೋಟೋಗಳ ಸರಾಸರಿ ಇಟ್ಟುಕೊಂಡು ಹನ್ನೆರಡು ಚಿತ್ರ ಮಾಡಿದೆ. ಮುಖದ ಪ್ರಭಾವ ಎಷ್ಟಿರಬೇಕು ಅನ್ನೋಕೆ ಒಂದು ತಿರುಗಣೆ ಇರುತ್ತೆ. 1ಕ್ಕೆ ಏರಿಸಿದರೆ ಮುಖ ಮೇಣದ ಗೊಂಬೆ ಥರ ಬಿಗಿಯಾಗುತ್ತೆ, 0.7ರಲ್ಲಿ ಹಿಡಿತಕ್ಕೆ ಬಂತು. ಚಿತ್ರಗಳನ್ನೂ ಅದೇ ಸರಾಸರಿಗೆ ಹೋಲಿಸಿ ಅಳೆದೆ, ಹನ್ನೆರಡೂ 0.6ರ ಸುತ್ತಮುತ್ತ. ಬಣ್ಣದ ಚಿತ್ರಕ್ಕೆ ಅಂಕಿ ಸ್ವಲ್ಪ ಇಳಿಯೋದು ಸಹಜ. ಖುಷಿಯಾಗಿ ಕಳಿಸಿಬಿಟ್ಟೆ.

ಹತ್ತು ನಿಮಿಷದಲ್ಲಿ ಫೋನ್ ಬಂತು. 'ಲೋ, ಇದ್ಯಾರೋ? ನನ್ನ ಥರಾನೇ ಇದಾಳೆ, ಆದ್ರೆ ಎರಡು ಡಬ್ಬ ಫೇರ್‌ನೆಸ್ ಕ್ರೀಮ್ ಹಚ್ಚಿದಾರೆ. ಮಚ್ಚೆ ಎಲ್ಲೋ?'

ಅವಳ ಮೂಗಿನ ಎಡಪಕ್ಕ ಒಂದು ಮಚ್ಚೆ ಇದೆ. ಹನ್ನೆರಡರಲ್ಲಿ ಒಂಬತ್ತು ಚಿತ್ರದಲ್ಲಿ ಅದು ಇರಲೇ ಇಲ್ಲ. ಎರಡರಲ್ಲಿ ಬಲಕ್ಕೆ ಹೋಗಿತ್ತು. ಮೈಬಣ್ಣ ಹನ್ನೆರಡರಲ್ಲೂ ತಿಳಿಯಾಗಿತ್ತು. ಆದರೂ ನನ್ನ ಅಳತೆಗೋಲು ಎಲ್ಲದಕ್ಕೂ ಫಸ್ಟ್ ಕ್ಲಾಸ್ ಕೊಟ್ಟಿತ್ತು!

ನಾನು ಮಾಡಿದ ಮಂಗತನ ಆಮೇಲೆ ಹೊಳೆಯಿತು. ಚಿತ್ರ ಮಾಡೋಕೆ ಕೊಟ್ಟ ಸಂಖ್ಯೆಗಳಿಂದಲೇ ಚಿತ್ರವನ್ನು ಅಳೆದಿದ್ದೆ. ಪ್ರಶ್ನೆಪತ್ರಿಕೆ ಕೊಟ್ಟವನೇ ಉತ್ತರ ಹೇಳಿಕೊಟ್ಟು, ಅವನೇ ತಿದ್ದಿದ ಹಾಗೆ. ಮುಖ ಗುರುತಿಸುವ ಮಾಡೆಲ್‌ಗೆ ಕಲಿಸಿರೋದೇ ಬಿಸಿಲು-ನೆರಳಿನ ಗೊಡವೆ ಬಿಟ್ಟು ಆಳನ್ನು ಗುರುತಿಸು ಅಂತ. ಕತ್ತಲೆ ಕೋಣೆಯಲ್ಲೂ ಬಿಸಿಲಲ್ಲೂ ಅದೇ ಆಳು ಅನ್ನಬೇಕಾದರೆ ಚರ್ಮ ಎಷ್ಟು ಗಾಢ ಅನ್ನೋದನ್ನ ಅದು ಹೆಚ್ಚು ಲೆಕ್ಕಕ್ಕಿಟ್ಟುಕೊಳ್ಳುವಂತಿಲ್ಲ. ಕಲಿಸುವಾಗ ಫೋಟೋಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೂ ತೋರಿಸಿರುತ್ತಾರೆ, ಹಾಗಾಗಿ ಎಡ-ಬಲದ ವ್ಯತ್ಯಾಸವೂ ಅದಕ್ಕೆ ಬೇಕಿಲ್ಲ. ಇನ್ನು 112 ಪಿಕ್ಸೆಲ್ ಚೌಕದಲ್ಲಿ ಮಚ್ಚೆಗೆ ಸಿಗೋ ಜಾಗ ಒಂದೆರಡು ಪಿಕ್ಸೆಲ್. ಸಂಖ್ಯೆಗಳಲ್ಲಿ ಸರಿಯಾಗಿ ಇಲ್ಲದ್ದನ್ನು ಚಿತ್ರ ಬರೆಯುವ ಮಾಡೆಲ್ ತನ್ನ ಅಭ್ಯಾಸದಿಂದ ತುಂಬಿಕೊಳ್ಳುತ್ತದೆ. ಅಂತರ್ಜಾಲದಲ್ಲಿ ಗುಡ್ಡೆ ಬಿದ್ದಿರುವ 'ಸುಂದರ ಭಾರತೀಯ ಮಹಿಳೆ'ಯ ಚಿತ್ರಗಳಿಂದ ಬಂದ ಅಭ್ಯಾಸ ಅದು. ಆ ಚಿತ್ರಗಳಲ್ಲಿ ಮೈಬಣ್ಣ ಯಾವುದಿರುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಸರಾಸರಿಯ ದಾರಿಯಲ್ಲಿ ಇದನ್ನು ಪೂರ್ತಿ ಸರಿಮಾಡೋಕೆ ಆಗಲಿಲ್ಲ. 'ಕಪ್ಪು ಮೈಬಣ್ಣ' ಅಂತ ಬರೆದರೆ ಒಂದು ಚಿತ್ರದಲ್ಲಿ ಹೊಂದಿ ಇನ್ನೊಂದರಲ್ಲಿ ಅತಿಯಾಯಿತು. ಇನ್ನೂ ಒಂದು ತೊಡಕಿತ್ತು. ಇನ್‌ಸೈಟ್‌ಫೇಸ್‌ನ ಸಿದ್ಧ ಮಾಡೆಲ್‌ಗಳನ್ನೂ ಫೇಸ್‌ಐಡಿಯನ್ನೂ ವಾಣಿಜ್ಯೇತರ ಬಳಕೆಗೆ, ಸಂಶೋಧನೆಗೆ ಅಂತ ಬಿಟ್ಟಿದ್ದಾರೆ. ಚುನಾವಣಾ ಪೋಸ್ಟರ್ ಸಂಶೋಧನೆ ಅಂತ ವಾದ ಮಾಡೋಕೆ ನಾನು ವಕೀಲ ಅಲ್ಲ.

ಹಾಗಾಗಿ ಎರಡನೇ ದಾರಿ ಹಿಡಿದೆ: ಲೋರಾ. ಇಲ್ಲಿ ಮುಖವನ್ನು ಸಂಖ್ಯೆಯಾಗಿ ಹಿಂಡೋದಿಲ್ಲ. ಚಿತ್ರ ಬರೆಯುವ ಮಾಡೆಲ್‌ಗೇ ಅವಳ ಫೋಟೋಗಳನ್ನು ತೋರಿಸಿ, ಅದರ ಮೇಲೆ ಒಂದು ಚಿಕ್ಕ ಹೆಚ್ಚುವರಿ ಪದರವನ್ನು ತರಬೇತಿ ಮಾಡ್ತೀವಿ. ಬಣ್ಣ, ಮಚ್ಚೆ, ಹಣೆಯ ಮೇಲಿನ ಕೂದಲಿನ ಅಂಚು ಎಲ್ಲವನ್ನೂ ಅದು ಪಿಕ್ಸೆಲ್‌ನಿಂದಲೇ ಕಲಿಯುತ್ತೆ. ಇದಕ್ಕೆ ಹದಿನೆಂಟು ಫೋಟೋ ಬಳಸಿದೆ. ಅವಳ ತಮ್ಮನಿಗೆ ಹೇಳಿ ಹತ್ತು ಹೊಸದಾಗಿ ತೆಗೆಸಿದೆ: ಜಗಲಿಯ ನೆರಳಲ್ಲಿ, ಮೋಡದ ದಿನ, ನಾಲ್ಕು ಹೆಜ್ಜೆ ದೂರದಿಂದ, ಬೇರೆ ಬೇರೆ ಸೀರೆಯಲ್ಲಿ, ಕನ್ನಡಕ ಹಾಕಿ ಮತ್ತು ತೆಗೆದು.

ಆಗ ಮಚ್ಚೆಯ ಗುಟ್ಟು ಪೂರ್ತಿ ಬಿಚ್ಚಿಕೊಂಡಿತು. ಹಳೇ ಫೋಟೋಗಳ ಪೈಕಿ ನಾನು ಉಳಿಸಿಕೊಂಡಿದ್ದ ಎರಡು ಸೆಲ್ಫಿಗಳನ್ನು ಅವಳ ಫೋನ್ ಕನ್ನಡಿಯಂತೆ ತಿರುಗಿಸಿ ಸೇವ್ ಮಾಡಿತ್ತು. ಅವುಗಳಲ್ಲಿ ಮಚ್ಚೆ ಬಲಕ್ಕಿತ್ತು. ಎಡಕ್ಕೂ ಬಲಕ್ಕೂ ಕಂಡರೆ ತರಬೇತಿಯಲ್ಲಿ ಮಾಡೆಲ್ ಎರಡೂ ಕಡೆ ಅರೆಬರೆ ಕಲೆ ಮೂಡಿಸುತ್ತೆ. ಅವೆರಡನ್ನೂ ಮತ್ತೆ ತಿರುಗಿಸಿದೆ. ತರಬೇತಿಯ ಸೆಟ್ಟಿಂಗ್‌ನಲ್ಲಿ ಫೋಟೋಗಳನ್ನು ತಾನಾಗಿ ತಿರುಗಿಸುವ `flip_aug` ಆಯ್ಕೆ ಆಫ್ ಇದೆಯಾ ಅಂತಲೂ ನೋಡಿಕೊಂಡೆ.

ಪ್ರತಿ ಫೋಟೋಗೂ ಒಂದು ಸಾಲು ವಿವರಣೆ ಬರೆಯಬೇಕು. ಬದಲಾಗುವುದನ್ನೆಲ್ಲ ಬರೆಯಬೇಕು: ನೀಲಿ ಸೀರೆ, ಜಗಲಿ, ಕನ್ನಡಕ. ಬದಲಾಗದ ಮುಖವನ್ನು ಮಾತ್ರ ವಿವರಿಸದೆ, ಅದಕ್ಕೊಂದು ಅರ್ಥವಿಲ್ಲದ ಹೆಸರು ಇಡಬೇಕು. ನೀಲಿ ಸೀರೆ ಅಂತ ಬರೆಯದೇ ಬಿಟ್ಟರೆ ಆ ಸೀರೆಯೂ ಅವಳ ಮುಖದ ಭಾಗ ಅಂದುಕೊಳ್ಳುತ್ತೆ. ತರಬೇತಿ ಜಾಸ್ತಿಯಾದರೂ ಅದೇ ಕಥೆ. ನಾನು ಪ್ರತಿ 200 ಹೆಜ್ಜೆಗೆ ಒಂದು ಪ್ರತಿ ಉಳಿಸಿಕೊಂಡು, ಪ್ರತಿಯೊಂದಕ್ಕೂ 'ಸ್ವೆಟರ್ ಹಾಕಿ ಬಸ್ ಸ್ಟ್ಯಾಂಡಲ್ಲಿ ನಿಂತವಳು' ಅಂತ ಕೇಳಿದೆ. 800ರಲ್ಲಿ ಅವಳ ಅಕ್ಕನಂಥ ಯಾರೋ ಬಂದರು. 1400ರಲ್ಲಿ ಅವಳೇ ಬಂದಳು. 2000ಕ್ಕೆ ಹೋದರೆ ಸ್ವೆಟರ್ ಕೇಳಿದರೂ ನೀಲಿ ಸೀರೆಯಲ್ಲಿ, ಬಸ್ ಸ್ಟ್ಯಾಂಡ್ ಕೇಳಿದರೂ ಜಗಲಿಯ ಮೇಲೆ. 1400ರದ್ದನ್ನು ಇಟ್ಟುಕೊಂಡೆ. ಈ ಲೆಕ್ಕ ನನ್ನ ಫೋಟೋಗಳಿಗೆ, ನನ್ನ ಸೆಟ್ಟಿಂಗ್‌ಗೆ ಮಾತ್ರ. ನಿಮ್ಮದು ಬೇರೆ ಆಗುತ್ತೆ, ಸ್ವೆಟರ್ ಪರೀಕ್ಷೆ ಮಾತ್ರ ಎಲ್ಲೂ ನಡೆಯುತ್ತೆ.

ಮಧ್ಯೆ ಒಂದು ಆಸೆ ಬಂದಿತ್ತು. ಚೆನ್ನಾಗಿ ಬಂದ ಚಿತ್ರಗಳನ್ನೇ ಮತ್ತೆ ತರಬೇತಿಗೆ ಸೇರಿಸಿದರೆ ಹೇಗೆ ಅಂತ. ಮೂರು ಸೇರಿಸಿ ನೋಡಿದೆ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗಾಯಿತು: ದವಡೆ ಇನ್ನಷ್ಟು ನಯ, ಬಣ್ಣ ಇನ್ನಷ್ಟು ತಿಳಿ. ತೆಗೆದು ಹಾಕಿದೆ.

ಈ ಸಲ ಅಳೆಯೋದನ್ನೂ ಬದಲಿಸಿದೆ. ಕೆನ್ನೆಯ ಒಂದು ಚಿಕ್ಕ ಜಾಗದ ಹೊಳಪನ್ನು ಮೋಡದ ದಿನದ ಫೋಟೋ ಜೊತೆ ಹೋಲಿಸಿದೆ, ಅಷ್ಟೇ ಅಂಕಿ. ಉಳಿದದ್ದು ಮನುಷ್ಯರ ಪರೀಕ್ಷೆ: ಅವಳ ಅಮ್ಮ, ಪಕ್ಕದ ಮನೆಯ ಅಂಗನವಾಡಿ ಟೀಚರ್, ತಮ್ಮ. ಚಿತ್ರಗಳನ್ನು ಒಂದೊಂದಾಗಿ ತೋರಿಸಿ 'ಇವಳು ಯಾರು' ಅಂತ ಮಾತ್ರ ಕೇಳಬೇಕು ಅಂತ ಹೇಳಿದ್ದೆ. ಹನ್ನೆರಡರಲ್ಲಿ ಎಂಟು ಚಿತ್ರಕ್ಕೆ ಮೂವರೂ ತಡವರಿಸದೆ ಅವಳ ಹೆಸರು ಹೇಳಿದರು. ಒಂದಕ್ಕೆ ಅಮ್ಮ 'ನಮ್ಮ ದೊಡ್ಡಮ್ಮನ ಮಗಳಲ್ವಾ' ಅಂದರಂತೆ. ಅದೂ ಸೇರಿ ನಾಲ್ಕನ್ನು ಬಿಟ್ಟೆವು. ಅವು ಮುಖ ತುಂಬ ಚಿಕ್ಕದಾಗಿ ಬಂದ, ದೂರದಿಂದ ಕಾಣುವ ಚಿತ್ರಗಳು. ಮುಖಕ್ಕೆ ಸಾಕಷ್ಟು ಪಿಕ್ಸೆಲ್ ಸಿಗದೇ ಇದ್ದಾಗ ಲೋರಾ ಕೂಡ ಊಹೆ ಮಾಡುತ್ತೆ.

ಪೋಸ್ಟರ್ ಎಂಟೇ ಆದವು. ನೀರಿನ ಪೋಸ್ಟರ್‌ನಲ್ಲಿ ಅವಳು ನಗ್ತಾ ಇಲ್ಲ. ಲೋರಾ ಫೈಲನ್ನು ಅವಳಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟು ನನ್ನ ಲ್ಯಾಪ್‌ಟಾಪ್‌ನಿಂದ ಅಳಿಸಿದ್ದೇನೆ, ಫೋಟೋಗಳನ್ನೂ. ಆ ಫೈಲು ಕೈಯಲ್ಲಿರುವವರು ಅವಳ ಕೈಯಲ್ಲಿ ಏನು ಬೇಕಾದರೂ ಹಿಡಿಸಬಹುದು, ಎದುರಾಳಿಯ ಬಾವುಟವನ್ನೂ, ನೋಟಿನ ಕಟ್ಟನ್ನೂ. 'ನಾಳೆ ಇನ್ನೊಂದು ಪೋಸ್ಟರ್ ಬೇಕಾದ್ರೆ?' ಅಂದಳು. 'ಪೆನ್‌ಡ್ರೈವ್ ತಗೊಂಡು ಬಸ್ ಹತ್ತು' ಅಂದೆ.