ಹಿಪ್ಪೋದ ಸಂವಾದ: ಮಾನಿಮತದ ಖಂಡನೆಯಲ್ಲಿ ವಾದ ಮತ್ತು ಚಿತ್ರಣ

ಆದಿ ಧರ್ಮಸಭೆಯ ಪಿತೃಗಳು ಪಾಷಂಡವಾದಗಳನ್ನು ಖಂಡಿಸಿ ಬರೆದ ಗ್ರಂಥಗಳಲ್ಲಿ ಎರಡು ಬಗೆಯ ಬರವಣಿಗೆ ಹೆಣೆದುಕೊಂಡಿರುತ್ತದೆ. ಒಂದು, ಎದುರಾಳಿಯ ಬೋಧನೆಯನ್ನು ಪರೀಕ್ಷಿಸುವ ವಾದ. ಇನ್ನೊಂದು, ಎದುರಾಳಿಯು ಎಂಥವನೆಂದು ತೋರಿಸುವ ಚಿತ್ರಣ. ಇವೆರಡರ ಬೆಲೆಯೂ ಒಂದೇ ಅಲ್ಲ. ವಾದವನ್ನು ನಾವು ಇಂದಿಗೂ ತೂಗಿ ನೋಡಬಹುದು. ಚಿತ್ರಣವನ್ನಾದರೋ ಇತರ ಸಾಕ್ಷ್ಯಗಳಿಲ್ಲದೆ ಇತಿಹಾಸವೆಂದು ಒಪ್ಪಲಾಗದು. ಈ ವ್ಯತ್ಯಾಸವು ಸ್ಪಷ್ಟವಾಗಿ ಕಾಣುವುದು ಸಂತ ಅಗಸ್ಟೀನರು 392ರಲ್ಲಿ ಹಿಪ್ಪೋ ನಗರದಲ್ಲಿ ಮಾನಿಮತದ ಫೋರ್ತುನಾತುಸ್‌ನೊಡನೆ ನಡೆಸಿದ ಸಂವಾದದಲ್ಲಿ.

ಮೊದಲಿಗೆ ಪದದ ವಿಚಾರ. ಕನ್ನಡದಲ್ಲಿ 'ದ್ವೈತ' ಎಂದೊಡನೆ ಮಧ್ವಾಚಾರ್ಯರ ದರ್ಶನವು ನೆನಪಾಗುತ್ತದೆ. ಆ ದರ್ಶನದಲ್ಲಿ ಸ್ವತಂತ್ರ ತತ್ತ್ವವು ಒಂದೇ. ಜೀವ ಜಗತ್ತುಗಳು ಅದಕ್ಕೆ ಅಧೀನ. ನಾವಿಲ್ಲಿ ಹೇಳಹೊರಟಿರುವುದು ಅದಲ್ಲ. ಆದುದರಿಂದ ಈ ಲೇಖನದಲ್ಲಿ 'ದ್ವಿತತ್ತ್ವವಾದ'ವೆಂಬ ಪದವನ್ನು ಬಳಸುತ್ತೇವೆ. ಅದರಲ್ಲಿಯೂ ಭೇದವುಂಟು. ಎರಡನೆಯ ಶತಮಾನದ ವಾಲೆಂಟೀನನ ಜ್ಞಾನವಾದದಲ್ಲಿ ಮೂಲವು ಒಂದೇ. ದೈವಿಕ ಪೂರ್ಣತೆಯೊಳಗೆ ಸೋಫಿಯಾಳು ಎಡವಿದುದರ ಫಲವಾಗಿ ಈ ಲೋಕವೂ ಅದನ್ನು ರೂಪಿಸಿದ ಕೀಳು ಶಿಲ್ಪಿಯೂ ಉಂಟಾದರು. ಮೂರನೆಯ ಶತಮಾನದ ಮಾನಿಯ ಬೋಧನೆಯಲ್ಲಾದರೋ ಬೆಳಕು ಮತ್ತು ಕತ್ತಲೆ ಎರಡೂ ಅನಾದಿ. ಕತ್ತಲೆಯು ಬೆಳಕಿನ ರಾಜ್ಯದ ಮೇಲೆ ದಾಳಿಯಿಟ್ಟಿತು. ಅದನ್ನು ಎದುರಿಸಲು ಹೋದ ಬೆಳಕಿನ ಒಂದು ಅಂಶವು ಅಲ್ಲಿಯೇ ಸೆರೆಯಾಯಿತು. ನಮ್ಮ ಆತ್ಮವು ಆ ಅಂಶ. ಈ ಲೋಕವು ಅದನ್ನು ಬೇರ್ಪಡಿಸಲು ನಿರ್ಮಿತವಾದ ವ್ಯವಸ್ಥೆ.

ಇಂಥ ಬೋಧನೆಗಳನ್ನು ಚಿತ್ರಿಸುವ ಮಾದರಿಯನ್ನು ಬಹುಮಟ್ಟಿಗೆ ಹಾಕಿಕೊಟ್ಟವರು ಲಿಯೋನ್ಸಿನ ಧರ್ಮಾಧ್ಯಕ್ಷರಾದ ಸಂತ ಇರೇನೇಯರು. ಸುಮಾರು 180ರಲ್ಲಿ ಬರೆದ ತಮ್ಮ ಖಂಡನಗ್ರಂಥದಲ್ಲಿ ಅವರು ಒಂದು ಹೋಲಿಕೆ ಕೊಡುತ್ತಾರೆ. ಕುಶಲ ಶಿಲ್ಪಿಯೊಬ್ಬನು ರತ್ನಗಳನ್ನು ಜೋಡಿಸಿ ಅರಸನ ಚಿತ್ರವನ್ನು ಮಾಡಿರುತ್ತಾನೆ. ಬೇರೊಬ್ಬನು ಬಂದು ಅವೇ ರತ್ನಗಳನ್ನು ಕಿತ್ತು ನರಿಯ ಆಕಾರಕ್ಕೆ ಜೋಡಿಸಿ, ಇದೇ ಅರಸನ ಚಿತ್ರವೆಂದು ನಂಬಿಸುತ್ತಾನೆ. ಜ್ಞಾನವಾದಿಗಳು ಪವಿತ್ರ ಗ್ರಂಥದ ವಾಕ್ಯಗಳನ್ನು ಬಳಸುವುದು ಹೀಗೆಯೇ ಎಂಬುದು ಅವರ ಅಭಿಪ್ರಾಯ. ದೀಕ್ಷಾಸ್ನಾನದಲ್ಲಿ ಪಡೆದ ಸತ್ಯದ ಸೂತ್ರವುಳ್ಳವನು ರತ್ನಗಳನ್ನು ಗುರುತಿಸಿದರೂ ನರಿಯನ್ನು ಅರಸನೆಂದು ಒಪ್ಪನು. ಇದು ವಾದ. ಆದರೆ ಅದೇ ಗ್ರಂಥದಲ್ಲಿ ಅವರು ಎಲ್ಲಾ ಪಾಷಂಡಗಳ ವಂಶಾವಳಿಯನ್ನು ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದ ಮಾಂತ್ರಿಕ ಸಿಮೋನನಿಗೆ ಕೊಂಡೊಯ್ದು ಸೇರಿಸುತ್ತಾರೆ. ಇದು ಚಿತ್ರಣ. ಸತ್ಯಕ್ಕೆ ಪ್ರೇಷಿತರ ಪರಂಪರೆಯಿರುವಂತೆ ಅಸತ್ಯಕ್ಕೂ ಒಂದು ಪರಂಪರೆ ಇರಲೇಬೇಕೆಂಬ ಭಾವನೆ ಅದರ ಹಿಂದಿದೆ.

ಮಾನಿಯ ವಿಷಯದಲ್ಲಿ ಈ ಚಿತ್ರಣವು ಇನ್ನೂ ಮುಂದೆ ಹೋಯಿತು. ನಾಲ್ಕನೆಯ ಶತಮಾನದ 'ಆರ್ಕೆಲಾವುಸನ ಕಾರ್ಯಗಳು' ಎಂಬ ಕೃತಿಯಲ್ಲಿ ಮಾನಿಯು ವಿಧವೆಯೊಬ್ಬಳು ಕೊಂಡುಕೊಂಡ ಗುಲಾಮ ಬಾಲಕ. ಅವನ ಬೋಧನೆಯು ಅವಳಿಂದ ಅವನ ಕೈಸೇರಿದ ಬೇರೊಬ್ಬನ ಪುಸ್ತಕಗಳಿಂದ ಬಂದದ್ದು. ಮುಂದಿನ ಲೇಖಕರು ಶತಮಾನಗಳವರೆಗೆ ಇದನ್ನೇ ಅನುಸರಿಸಿದರು. 1970ರಲ್ಲಿ ವಿದ್ವಾಂಸರು ಪ್ರಕಟಿಸಿದ ಕಲೋನ್ ಹಸ್ತಪ್ರತಿಯು ಬೇರೆಯದನ್ನೇ ಹೇಳಿತು. ಅಂಗೈಗಿಂತಲೂ ಚಿಕ್ಕದಾದ ಆ ಗ್ರೀಕ್ ಪುಸ್ತಕವು ಮಾನಿಯ ಅನುಯಾಯಿಗಳದೇ ಆಗಿದ್ದು, ಅವನು ಬಾಲ್ಯದಿಂದಲೂ ಯೆಹೂದಿ-ಕ್ರೈಸ್ತ ಹಿನ್ನೆಲೆಯ ಸ್ನಾನವ್ರತಿಗಳ ಸಮುದಾಯದಲ್ಲಿ ಬೆಳೆದನೆಂದು ತಿಳಿಸುತ್ತದೆ. ಅದರಲ್ಲಿ ಅವನು ತನ್ನನ್ನು ಯೇಸುಕ್ರಿಸ್ತರ ಪ್ರೇಷಿತನೆಂದೇ ಕರೆದುಕೊಳ್ಳುತ್ತಾನೆ. ಅವರದೂ ಭಕ್ತಿಯ ಬರವಣಿಗೆಯೇ ಆದುದರಿಂದ ಅದನ್ನೂ ತೂಗಿಯೇ ಓದಬೇಕು. ಆದರೂ ಮಾನಿಮತವು ಕ್ರೈಸ್ತರಿಗೆ ಅಷ್ಟೊಂದು ಸಮೀಪವಾಗಿ ತೋರಿದ್ದೇಕೆಂಬುದು ಇದರಿಂದ ತಿಳಿಯುತ್ತದೆ.

ಈಗ ಹಿಪ್ಪೋಗೆ ಬರೋಣ. ಅಗಸ್ಟೀನರು ಸುಮಾರು ಒಂಬತ್ತು ವರ್ಷ ಮಾನಿಮತದ ಶ್ರೋತೃವಾಗಿದ್ದವರು. ಆ ಮತದಲ್ಲಿ ಕಠಿಣ ವ್ರತದ 'ಆಯ್ದವರು' ಮತ್ತು ಅವರಿಗೆ ಆಹಾರ ಒದಗಿಸುವ ಗೃಹಸ್ಥ 'ಶ್ರೋತೃಗಳು' ಎಂಬ ಎರಡು ವರ್ಗಗಳಿದ್ದವು. ಅವರು ಗುರುದೀಕ್ಷೆ ಪಡೆದ ಮರುವರ್ಷವೇ, ಆಗಸ್ಟ್ 28 ಮತ್ತು 29ರಂದು, ಊರಿನ ಸ್ನಾನಗೃಹವೊಂದರಲ್ಲಿ ಫೋರ್ತುನಾತುಸ್‌ನೊಡನೆ ಸಂವಾದ ನಡೆಯಿತು. ಶೀಘ್ರಲಿಪಿಕಾರರು ಇಬ್ಬರ ಮಾತುಗಳನ್ನೂ ಬರೆದುಕೊಂಡರು. ಆದುದರಿಂದಲೇ ಇಲ್ಲಿ ಖಂಡಿತನಾದವನ ದನಿಯೂ ನಮಗೆ ಕೇಳಿಸುತ್ತದೆ.

ಫೋರ್ತುನಾತುಸನು ಮೊದಲು ಎತ್ತಿದ್ದು ಚಿತ್ರಣದ ಪ್ರಶ್ನೆಯನ್ನೇ. ನಮ್ಮ ಮೇಲೆ ಜನರು ಹೊರಿಸುವ ದುರಾಚಾರದ ಅಪವಾದಗಳು ನಿಜವೇ, ನೀವು ನಮ್ಮೊಡನೆ ಇದ್ದವರಲ್ಲವೇ ಎಂದು ಅವನು ಕೇಳುತ್ತಾನೆ. ಅಗಸ್ಟೀನರು ತಾವು ಭಾಗವಹಿಸಿದ ಪ್ರಾರ್ಥನೆಗಳಲ್ಲಿ ಲಜ್ಜಾಸ್ಪದವಾದುದನ್ನೇನೂ ಕಾಣಲಿಲ್ಲವೆಂದು ಒಪ್ಪುತ್ತಾರೆ. ಸೂರ್ಯಾಭಿಮುಖವಾಗಿ ಪ್ರಾರ್ಥಿಸುವುದನ್ನು ಮಾತ್ರ ಆಕ್ಷೇಪಿಸುತ್ತಾರೆ. ಆಯ್ದವರ ಒಳಗಿನ ಆಚರಣೆಯನ್ನು ಶ್ರೋತೃವಾಗಿದ್ದ ತಾವು ತಿಳಿಯಲಾಗದೆಂದು ಹೇಳಿ, ಚರ್ಚೆಯನ್ನು ನಡತೆಯಿಂದ ವಿಶ್ವಾಸದ ಕಡೆಗೆ ತಿರುಗಿಸುತ್ತಾರೆ.

ಅಲ್ಲಿಂದ ಅವರು ಹಿಡಿದದ್ದು ತಮ್ಮ ಮಿತ್ರ ನೆಬ್ರಿದಿಯುಸನು ಹಿಂದೆ ಎತ್ತಿದ್ದ ಪ್ರಶ್ನೆ. ಕತ್ತಲೆಯು ದೇವರಿಗೆ ಕೇಡು ಮಾಡಬಲ್ಲದೇ? ಬಲ್ಲದಾದರೆ ದೇವರು ಅಕ್ಷಯರಲ್ಲ. ಮಾಡಲಾರದಾದರೆ ತಮ್ಮದೇ ಅಂಶವಾದ ಆತ್ಮವನ್ನು ಯಾವ ಅಗತ್ಯಕ್ಕಾಗಿ ಈ ಸಂಕಟಕ್ಕೆ ಕಳುಹಿಸಿದರು? ದೇವರು ಅಕ್ಷಯರೆಂದು ಇಬ್ಬರೂ ಒಪ್ಪಿದ್ದುದರಿಂದ ಪ್ರಶ್ನೆಯು ಎದುರಾಳಿಯ ನೆಲೆಯಿಂದಲೇ ಹೊರಟಿತು. ಇದಕ್ಕೆ ಯಾವ ಅಪವಾದವೂ ಬೇಕಾಗಲಿಲ್ಲ.

ಫೋರ್ತುನಾತುಸನು ಸುಲಭವಾಗಿ ಸೋಲಲಿಲ್ಲ. ಎರಡನೆಯ ದಿನ ಅವನು ಸಂತ ಪೌಲರನ್ನೇ ಆಧಾರವಾಗಿ ತಂದನು. ಶರೀರವು ಆತ್ಮಕ್ಕೆ ವಿರುದ್ಧವೆಂಬ ಗಲಾತ್ಯರಿಗೆ ಬರೆದ ಪತ್ರದ ಬೋಧನೆ, ಅಂಗಗಳಲ್ಲಿ ಹೋರಾಡುವ ಬೇರೊಂದು ನಿಯಮವನ್ನು ಕುರಿತ ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯ, ಇವು ಅವನ ಅಸ್ತ್ರಗಳು. ಪಾಪವು ಕೇವಲ ಸ್ವತಂತ್ರ ಇಚ್ಛೆಯ ಫಲವಾದರೆ, ಬಯಸದ ಕೇಡನ್ನೇ ಮಾಡುವೆನೆಂದು ಪ್ರೇಷಿತರು ಏಕೆ ಹೇಳುತ್ತಾರೆ? ಈ ಒತ್ತಡದಲ್ಲಿ ಅಗಸ್ಟೀನರ ಉತ್ತರವು ಬೆಳೆಯುತ್ತದೆ. ಮೊದಲ ಮಾನವನ ಇಚ್ಛೆಯು ಪೂರ್ಣವಾಗಿ ಸ್ವತಂತ್ರವಾಗಿತ್ತು. ಅವನು ಪಾಪಮಾಡಿದ ಬಳಿಕ ನಾವು ಒಂದು ಬಗೆಯ ಕಟ್ಟಿಗೆ ಒಳಗಾದೆವು ಎಂದು ಅವರು ಹೇಳಿ, ಆಣೆಯಿಡುವ ಚಾಳಿಯನ್ನು ಉದಾಹರಿಸುತ್ತಾರೆ. ನಮ್ಮ ಇಚ್ಛೆಯಿಂದಲೇ ಹುಟ್ಟಿದ ಚಾಳಿಯು ಕೊನೆಗೆ ನಮ್ಮನ್ನೇ ಆಳುತ್ತದೆ. ಶರೀರದ ವಿರೋಧವೆಂದರೆ ಇದು. ಬೇರೊಂದು ಅನಾದಿ ತತ್ತ್ವವಲ್ಲ. ಮುಂದೆ ಕೃಪೆಯನ್ನು ಕುರಿತು ಅವರು ಬೋಧಿಸಿದುದರ ಒಂದು ಮೊಳಕೆಯನ್ನು ಇಲ್ಲಿ ಕಾಣುತ್ತೇವೆ. ಕೊನೆಗೆ ಫೋರ್ತುನಾತುಸನು ತನ್ನ ಹಿರಿಯರನ್ನು ವಿಚಾರಿಸುವೆನೆಂದು ಹೇಳಿ ಮಾತು ನಿಲ್ಲಿಸಿದನು. ಆಮೇಲೆ ಅವನು ಊರನ್ನೇ ಬಿಟ್ಟುಹೋದನೆಂದು ಪೊಸ್ಸಿದಿಯುಸರು ತಿಳಿಸುತ್ತಾರೆ.

ಸುಮಾರು 36 ವರ್ಷಗಳ ನಂತರ ಅಗಸ್ಟೀನರು 88 ಪಾಷಂಡಗಳ ಪಟ್ಟಿಯೊಂದನ್ನು ಬರೆದರು. ಅದರಲ್ಲಿ ಮಾನಿಮತದ ಆಯ್ದವರು ಪರಮಪ್ರಸಾದದ ಹೆಸರಿನಲ್ಲಿ ಮಲಿನ ಆಚರಣೆ ನಡೆಸುವರೆಂಬ ಆರೋಪವು, ಕಾರ್ತೇಜಿನ ವಿಚಾರಣೆಯೊಂದರ ತಪ್ಪೊಪ್ಪಿಗೆಗಳ ಆಧಾರದ ಮೇಲೆ ಬರುತ್ತದೆ. ಆದರೆ ಮಾನಿಮತೀಯರು ಚಕ್ರವರ್ತಿಗಳ ಕಾನೂನಿನಿಂದ ದಂಡಾರ್ಹರಾಗಿದ್ದ ಕಾಲವದು. ಅಧಿಕಾರಿಯ ಮುಂದೆ ಹೊರಬಂದ ಅಂಥ ಒಪ್ಪಿಗೆಗಳನ್ನು ನಿಸ್ಸಂದೇಹವಾಗಿ ನಂಬಲಾಗದು. ಎರಡನೆಯ ಶತಮಾನದಲ್ಲಿ ಅನ್ಯಮತೀಯರು ಕ್ರೈಸ್ತರ ರಹಸ್ಯಕೂಟಗಳ ಮೇಲೂ ಇಂಥವೇ ಅಪವಾದಗಳನ್ನು ಹೊರಿಸಿದ್ದರೆಂಬುದನ್ನು ನಾವು ಮರೆಯಬಾರದು.

ಪಿತೃಗಳನ್ನು ಬೋಧಿಸುವ ನಮಗೆ ಇದರಿಂದ ದೊರೆಯುವ ಓದಿನ ಕ್ರಮವು ಸರಳ. ಖಂಡನೆಯ ಪ್ರತಿಯೊಂದು ಪುಟದಲ್ಲಿಯೂ, ಲೇಖಕನು ಇದನ್ನು ಕಂಡು ಹೇಳುತ್ತಿದ್ದಾನೆಯೋ ಕೇಳಿ ಹೇಳುತ್ತಿದ್ದಾನೆಯೋ ಎಂದು ವಿಚಾರಿಸಬೇಕು. ಎದುರಾಳಿಯು ಈ ಮಾತನ್ನು ತನ್ನದೆಂದು ಒಪ್ಪುತ್ತಿದ್ದನೇ ಎಂದೂ ಕೇಳಬೇಕು. ಸೃಷ್ಟಿಯು ಒಳ್ಳೆಯದು, ಸೃಷ್ಟಿಕರ್ತರು ಒಬ್ಬರೇ, ಕೇಡು ಒಂದು ವಸ್ತುವಲ್ಲವೆಂಬ ಧರ್ಮಸಭೆಯ ಬೋಧನೆಯು ಕಾರ್ತೇಜಿನ ಆ ವಿಚಾರಣೆಯ ಮೇಲೆ ನಿಂತಿಲ್ಲ. ಅದು ಹಿಪ್ಪೋದ ಆ ಪ್ರಶ್ನೆಯನ್ನು ಕೇಳಿಯೇ ಗೆದ್ದಿತು. ಫೋರ್ತುನಾತುಸನಿಗೆ ಅಂದು ಉತ್ತರ ದೊರೆಯದೆ ಹೋದದ್ದೂ ಆ ಪ್ರಶ್ನೆಗೇ.